ಒಂದು ಇಂಚಿನಲ್ಲಿ ಎಷ್ಟು ಎಳೆ?

(ಶಿವಮೊಗ್ಗದಲ್ಲಿ ಹೋಂಸ್ಟೇ ನಡೆಸುವವರು ಮತ್ತು ಮನೆಯಿಂದಲೇ ಬಟ್ಟೆ ಮಾರುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಮಾತು ಕತ್ತರಿಸಿದ್ದೇನೆ, ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಒಂದು ಬೆಡ್‌ಶೀಟ್, ಒಂದು ಟರ್ಕಿ ಟವೆಲ್, ಅಡುಗೆಮನೆಯ ತಕ್ಕಡಿ, ಟೈಲರ್ ಟೇಪು ಮತ್ತು ಒಂದು ಸಣ್ಣ ಭೂತಗನ್ನಡಿ ಇಟ್ಟಿದ್ದೇನೆ. ಮುಂದಿನ ಸಾಲಿನವರು ಅಂಗಡಿ ಹಾಕಿದ್ದಾನೆ ಅಂದುಕೊಳ್ಳಬೇಡಿ, ಇವತ್ತು ಮಾರುವುದಕ್ಕೆ ಏನೂ ತಂದಿಲ್ಲ.

ಈ ಬೆಡ್‌ಶೀಟಿನ ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ‘1000 ಟಿಸಿ, ಶುದ್ಧ ಹತ್ತಿ, ಕಿಂಗ್ ಸೈಜ್’ ಅಂತ ಬರೆದಿದೆ. ಯಾರು ಮಾಡಿದ್ದು ಅಂತ ಹೇಳುವುದಿಲ್ಲ, ಲೇಬಲ್ ಕಿತ್ತು ಹಾಕಿಯೇ ತಂದಿದ್ದೇನೆ. ನನ್ನದು ಬಟ್ಟೆ ಅಂಗಡಿ. ಹೋಂಸ್ಟೇಗಳಿಗೆ ಹಾಸಿಗೆ ಬಟ್ಟೆ ಒದಗಿಸುವ ಕೆಲಸ ಶುರು ಮಾಡಿದ ಮೇಲೆ ದಿನಕ್ಕೆ ಹತ್ತು ಸಲವಾದರೂ ಈ ‘ಟಿಸಿ’ ಅನ್ನುವ ಪದ ಕೇಳುತ್ತೇನೆ. ತೀರ್ಥಹಳ್ಳಿಯಿಂದ ಫೋನ್ ಮಾಡುವ ಅಕ್ಕನೂ ಮೊದಲು ಕೇಳುವುದು ‘ಎಷ್ಟು ಟಿಸಿ ಮಾರಾಯ್ರೆ?’ ಅಂತಲೇ. ಆ ಅಂಕಿ ಸುಳ್ಳೋ ನಿಜವೋ ಅಂತ ತಿಳಿಯಲು ಲ್ಯಾಬಿಗೆ ಹೋಗಬೇಕಾಗಿಲ್ಲ, ಈ ತಕ್ಕಡಿ ಮತ್ತು ಭೂತಗನ್ನಡಿ ಸಾಕು. ಅದನ್ನು ಮೊದಲು ಮಾಡಿ ತೋರಿಸುತ್ತೇನೆ. ಆಮೇಲೆ ಗಿರಾಕಿಗೆ ಏನು ಬರೆದು ಕಳಿಸಬೇಕು ಅನ್ನುವುದಕ್ಕೆ ಬರೋಣ.

ಟಿಸಿ ಅಂದರೆ ಥ್ರೆಡ್ ಕೌಂಟ್, ಒಂದು ಚದರ ಇಂಚು ಬಟ್ಟೆಯಲ್ಲಿರುವ ಎಳೆಗಳ ಲೆಕ್ಕ. ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ‘ಹಾಸುಹೊಕ್ಕಾಗಿದೆ’ ಅಂತ ನಾವು ದಿನಾ ಆಡುವ ಮಾತು ಮಗ್ಗದಿಂದಲೇ ಬಂದದ್ದು. ಒಂದು ಇಂಚಿನ ಅಗಲದಲ್ಲಿ ಎಷ್ಟು ಹಾಸು ಎಳೆ, ಒಂದು ಇಂಚಿನ ಉದ್ದದಲ್ಲಿ ಎಷ್ಟು ಹೊಕ್ಕು ಎಳೆ ಅಂತ ಎಣಿಸಿ, ಎರಡನ್ನೂ ಕೂಡಿಸಿದರೆ ಟಿಸಿ ಸಿಗುತ್ತದೆ. ಕೂಡಿಸಬೇಕು, ಗುಣಿಸಬಾರದು. ಜವಳಿಯವರು ಎಣಿಸಲು ಬಳಸುವ ಗಾಜಿಗೆ ಪಿಕ್ ಗ್ಲಾಸ್ ಅನ್ನುತ್ತಾರೆ. ಅದರ ಕೆಳಗೆ ಸರಿಯಾಗಿ ಒಂದು ಇಂಚಿನ ಚೌಕ ಕೊರೆದಿರುತ್ತದೆ. ಅದಿಲ್ಲದಿದ್ದರೆ ಬಟ್ಟೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು, ಹಿಗ್ಗಿಸಿಕೊಂಡು ಎಣಿಸಿ. ಇಂಚು ಪೂರ್ತಿ ಎಣಿಸಲು ಕಣ್ಣು ಸೋತರೆ ಅರ್ಧ ಇಂಚು ಎಣಿಸಿ ದುಪ್ಪಟ್ಟು ಮಾಡಿ. ಒಂದೇ ಕಡೆ ಎಣಿಸಿ ಮುಗಿಸಬೇಡಿ. ಅಂಚು ಬಿಟ್ಟು ಐದು ಕಡೆ ಎಣಿಸಿ ಸರಾಸರಿ ತೆಗೆಯಿರಿ, ಏಕೆಂದರೆ ಅಂಚಿನಲ್ಲಿ ಹಾಸು ಒತ್ತಾಗಿರುತ್ತದೆ.

ಈ ಶೀಟನ್ನು ನಿನ್ನೆ ರಾತ್ರಿ ಊಟ ಮುಗಿಸಿ ಎಣಿಸಿದೆ. ಹಾಸು 112, ಹೊಕ್ಕು 92. ಒಟ್ಟು 204.

ಹಾಗಾದರೆ 1000 ಎಲ್ಲಿಂದ ಬಂತು? ಎರಡು ದಾರಿಗಳಿವೆ. ಒಂದು, ನೂಲಿನ ಹುರಿ ಎಣಿಸುವುದು. ಎರಡು ಎಳೆ ಸೇರಿಸಿ ಹೊಸೆದ ನೂಲನ್ನು ಒಂದು ನೂಲು ಅಂತ ಲೆಕ್ಕ ಹಾಕಬೇಕಾದಲ್ಲಿ ಎರಡು ಅಂತ ಹಾಕುತ್ತಾರೆ. ಒಳಗಿನ ಹುರಿ ಎಷ್ಟಿದ್ದರೂ ಹೊಸೆದ ನೂಲು ಒಂದೇ ಎಳೆ ಅನ್ನುವುದು ಎಣಿಕೆಯ ಸರಿಯಾದ ಕ್ರಮ. ಹೊಕ್ಕಿನಲ್ಲಿ ಮೂರು ನಾಲ್ಕು ತೆಳ್ಳನೆಯ ಎಳೆ ಒಟ್ಟಿಗೆ ಹಾಯಿಸಿ ಪ್ರತಿಯೊಂದನ್ನೂ ಬೇರೆ ಬೇರೆ ಎಣಿಸುವುದು ಇದೇ ಆಟದ ಇನ್ನೊಂದು ರೂಪ. ಎರಡನೆಯ ದಾರಿ ಇನ್ನೂ ಸುಲಭ, ಯಾರೂ ಎಣಿಸುವುದಿಲ್ಲ ಅಂತ ಗೊತ್ತಿದ್ದು ಅಚ್ಚು ಹಾಕಿಸಿಬಿಡುವುದು. ನನ್ನ ಮುಂದಿರುವ ಶೀಟಿನ ನೂಲನ್ನು ಬಿಡಿಸಿ ನೋಡಿದರೆ ಅದು ಒಂದೇ ಹುರಿಯದು. ಎರಡು ಹುರಿ ಇದ್ದರೂ 408 ಆಗುತ್ತಿತ್ತು, 1000 ಆಗುತ್ತಿರಲಿಲ್ಲ. ಅಂದರೆ ಇದು ಎರಡನೆಯ ದಾರಿ.

ಈಗ ತಕ್ಕಡಿ. ಬಟ್ಟೆಯ ತೂಕವನ್ನು ಜಿಎಸ್‌ಎಂ ಅನ್ನುತ್ತಾರೆ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ಮಿಲ್ಲುಗಳಲ್ಲಿ ದುಂಡಗಿನ ಕಟರ್‌ನಿಂದ 100 ಚದರ ಸೆಂಟಿಮೀಟರ್ ತುಂಡು ಕತ್ತರಿಸಿ, ತೂಗಿ, 100ರಿಂದ ಗುಣಿಸುತ್ತಾರೆ. ನಮಗೆ ಶೀಟಿಗೆ ತೂತು ಮಾಡಬೇಕಾದ ಅಗತ್ಯವಿಲ್ಲ, ಇಡೀ ಶೀಟನ್ನೇ ತೂಗಬಹುದು. ಇದು 90 ಇಂಚು ಅಗಲ, 108 ಇಂಚು ಉದ್ದ. ಮೀಟರಿಗೆ ತಿರುಗಿಸಿದರೆ 2.286 ಮತ್ತು 2.743. ಗುಣಿಸಿದರೆ 6.27 ಚದರ ಮೀಟರ್. ತಕ್ಕಡಿ 765 ಗ್ರಾಂ ತೋರಿಸಿತು. ಭಾಗಿಸಿದರೆ 122 ಜಿಎಸ್‌ಎಂ. ಅಂಚು ಮಡಚಿ ಹೊಲಿದಿರುವುದರಿಂದ ನಿಜವಾದ ಅಂಕಿ ಒಂದೆರಡು ಗ್ರಾಂ ಕಡಿಮೆ ಇರಬಹುದು, ಅಷ್ಟು ಬಿಟ್ಟುಕೊಡಿ.

ಎಳೆಯ ಲೆಕ್ಕವೂ ತೂಕವೂ ಒಂದನ್ನೊಂದು ಹಿಡಿದುಕೊಡುವುದು ನೂಲಿನ ನಂಬರ್ ಮೂಲಕ. ಹತ್ತಿ ನೂಲಿಗೆ ನಂಬರ್ ಇರುತ್ತದೆ. ವ್ಯಾಪಾರಸ್ಥರು ‘ನಲವತ್ತರ ನೂಲು’, ‘ಅರವತ್ತರ ನೂಲು’ ಅನ್ನುತ್ತಾರಲ್ಲ, ಅದು. 840 ಗಜದ ಲಡಿ ಎಷ್ಟು ಸೇರಿದರೆ ಒಂದು ಪೌಂಡ್ ಆಗುತ್ತದೆ ಅನ್ನುವುದೇ ಆ ನಂಬರ್. ಹಾಗಾಗಿ ನಂಬರ್ ಏರಿದಷ್ಟೂ ನೂಲು ತೆಳ್ಳಗೆ. ಇದರಿಂದ ಒಂದು ಸುಲಭ ಲೆಕ್ಕ ಹುಟ್ಟುತ್ತದೆ: ಒಟ್ಟು ಎಳೆಯನ್ನು ನೂಲಿನ ನಂಬರಿನಿಂದ ಭಾಗಿಸಿ 25ರಿಂದ ಗುಣಿಸಿದರೆ ಹತ್ತಿರ ಹತ್ತಿರ ಜಿಎಸ್‌ಎಂ ಬರುತ್ತದೆ. ಸರಿಯಾದ ಗುಣಕ 23.25. ಎಳೆಗಳು ನೇರವಾಗಿ ಕೂರದೆ ಒಂದರ ಮೇಲೊಂದು ಬಳುಕಿ ಹಾಯುವುದರಿಂದ ಬೇಕಾಗುವ ಹೆಚ್ಚುವರಿ ನೂಲನ್ನೂ ಸೇರಿಸಿ 25 ಅಂತ ಇಟ್ಟುಕೊಂಡಿದ್ದೇವೆ.

ಮಾಡಿ ನೋಡೋಣ. ನಲವತ್ತರ ನೂಲು, 200 ಎಳೆ: 200 ಭಾಗಿಸು 40, ಅಂದರೆ 5. ಗುಣಿಸು 25. 125 ಜಿಎಸ್‌ಎಂ. ಅರವತ್ತರ ನೂಲು, 300 ಎಳೆ: ಅದೂ 5, ಅದೂ 125. ನೋಡಿ, ತೂಕ ಒಂದೇ, ಆದರೆ ಎರಡನೆಯದು ತೆಳ್ಳನೆಯ ನೂಲಿನ ಒತ್ತು ನೇಯ್ಗೆ. ಟಿಸಿ ಜಾಸ್ತಿ ಅಂದರೆ ಬಟ್ಟೆ ದಪ್ಪ ಅಂತ ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಈಗ ನಮ್ಮ ಶೀಟಿಗೆ ಬನ್ನಿ. 204 ಎಳೆ, 122 ಜಿಎಸ್‌ಎಂ. ಲೆಕ್ಕ ತಿರುಗಿಸಿದರೆ ನೂಲಿನ ನಂಬರ್ 42ರ ಆಸುಪಾಸು, ಅಂದರೆ ಸಾಧಾರಣ ನಲವತ್ತರ ನೂಲು. ಪ್ಯಾಕೆಟ್ ಹೇಳಿದಂತೆ 1000 ಎಳೆ ನಿಜವೇ ಆಗಿದ್ದು ತೂಕ ಇಷ್ಟೇ ಇರಬೇಕಿದ್ದರೆ ನೂಲು 200ರ ನಂಬರಿನದಾಗಿರಬೇಕಿತ್ತು. ಅದು ಬಹಳ ದುಬಾರಿ ಅಂಗಿ ಬಟ್ಟೆಗೆ ತೆಗೆಯುವ ನೂಲು. ಒಂದೂವರೆ ಸಾವಿರ ರೂಪಾಯಿಯ ಶೀಟಿಗೆ ಅದನ್ನು ಯಾರೂ ಹಾಕುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಅಂದರೆ ಇದು ಕೆಟ್ಟ ಬಟ್ಟೆಯಾ?’ ಅಲ್ಲ ಸ್ವಾಮಿ. ಬಟ್ಟೆ ಚೆನ್ನಾಗಿಯೇ ಇದೆ. 204 ಟಿಸಿಯ ಸಾದಾ ನೇಯ್ಗೆ, ಹೋಂಸ್ಟೇಗೆ ನಾನೇ ಕೊಡುವಂಥದ್ದು. ಕೆಟ್ಟದ್ದು ಪ್ಯಾಕೆಟ್ ಮೇಲಿನ ಬರಹ.

ನೇಯ್ಗೆಯ ಬಗ್ಗೆ ಎರಡು ಮಾತು. ಸಾದಾ ನೇಯ್ಗೆಯಲ್ಲಿ ಹೊಕ್ಕು ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ ಹೋಗುತ್ತದೆ. ಒತ್ತಾದ ಸಾದಾ ನೇಯ್ಗೆಗೆ ಪರ್ಕೇಲ್ ಅನ್ನುತ್ತಾರೆ. ಮುಟ್ಟಿದರೆ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಗರಿಗರಿ. ಸ್ಯಾಟಿನ್ ನೇಯ್ಗೆಯಲ್ಲಿ ಎಳೆ ನಾಲ್ಕು ಎಳೆಗಳ ಮೇಲೆ ತೇಲಿ ಒಂದರ ಕೆಳಗೆ ಇಳಿಯುತ್ತದೆ, ಆದ್ದರಿಂದ ನುಣುಪು, ಹೊಳಪು. ಹೀಗೆ ತೇಲುವ ಎಳೆ ಬಳೆಗೆ, ಕಾಲುಂಗುರಕ್ಕೆ ಸಿಕ್ಕಿಕೊಳ್ಳುತ್ತದೆ, ಬೇಗ ಜುಂಗು ಏಳುತ್ತದೆ. ಸ್ಯಾಟಿನ್ನಿನಲ್ಲಿ ಎಳೆಗಳನ್ನು ಒತ್ತಾಗಿ ತುರುಕಲು ಜಾಗ ಹೆಚ್ಚು ಸಿಗುವುದರಿಂದ ಟಿಸಿ ಸಹಜವಾಗಿಯೇ ಮೇಲಿರುತ್ತದೆ. ಹಾಗಾಗಿ 300ರ ಸ್ಯಾಟಿನ್ ಮತ್ತು 200ರ ಪರ್ಕೇಲ್ ಇಟ್ಟುಕೊಂಡು ‘ಯಾವುದು ಮೇಲು’ ಅಂತ ಅಂಕಿಯಿಂದ ಹೇಳಲಾಗದು. ದಿನಾ ಬದಲಿಸಿ, ಉಜ್ಜಿ ಒಗೆಯುವ ಹೋಂಸ್ಟೇ ಹಾಸಿಗೆಗೆ ನನ್ನ ಆಯ್ಕೆ ಪರ್ಕೇಲ್. ಮನೆಮಗಳ ಮದುವೆಯ ಉಡುಗೊರೆಗೆ ಬೇಕಾದರೆ ಸ್ಯಾಟಿನ್ ತೆಗೆದುಕೊಳ್ಳಿ.

ಗಂಜಿಯ ಮೋಸ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ತೆಳು ಬಟ್ಟೆಗೆ ಗಂಜಿ ಹೊಡೆದು ತೂಕ, ಬಿಗಿ ಎರಡನ್ನೂ ತರಿಸುವುದುಂಟು. ಅಂಗಡಿಯಲ್ಲಿ ಮುಟ್ಟಿದಾಗ ಭರ್ಜರಿ, ಒಮ್ಮೆ ಒಗೆದರೆ ನೆಂದ ಹಪ್ಪಳ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್‌ಗೆ ಸ್ವಲ್ಪ ನೀರು ಬೆರೆಸಿ ಬಟ್ಟೆಯ ಮೂಲೆಗೆ ಒಂದು ಹನಿ ಬಿಡಿ. ನೀಲಿಗಪ್ಪು ತಿರುಗಿದರೆ ಗಂಜಿಯಿದೆ, ಹಳದಿ ಕಂದಾಗಿಯೇ ಉಳಿದರೆ ಆ ಪಿಷ್ಟದ ಗಂಜಿ ಇಲ್ಲ. ಅದಕ್ಕೇ ನಾನು ತೂಕವನ್ನು ಎರಡು ಸಲ ನೋಡುತ್ತೇನೆ, ತಂದಾಗ ಒಮ್ಮೆ, ಒಗೆದು ಒಣಗಿದ ಮೇಲೆ ಒಮ್ಮೆ.

ಈಗ ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಆಗುಂಬೆ ಕಡೆಯ ಒಂದು ಹೋಂಸ್ಟೇಗೆ ನಲವತ್ತು ಬಿಳಿ ಶೀಟ್ ಕೊಟ್ಟೆ. 90 ಇಂಚು ಅಗಲ, 100 ಇಂಚು ಉದ್ದ. ಅವರ ಮಂಚದ ಹಾಸಿಗೆ 72 ಅಗಲ, 78 ಉದ್ದ, 6 ಇಂಚು ದಪ್ಪ. ನಾನು ಲೆಕ್ಕ ಹಾಕಿದ್ದು ಹೀಗೆ: ಉದ್ದಕ್ಕೆ 78, ಎರಡು ತುದಿಯಲ್ಲಿ ಇಳಿಯಲು ಆರಾರು, ಒಟ್ಟು 90. ಉಳಿದ 10 ಇಂಚಿನಲ್ಲಿ ತುದಿಗೆ ಐದೈದು ಕೆಳಗೆ ಸಿಕ್ಕಿಸಬಹುದು. ಬೇಕಾದಷ್ಟಾಯಿತು ಅಂದುಕೊಂಡೆ. ತಿಂಗಳು ಕಳೆದಿರಲಿಲ್ಲ, ಆ ಮನೆಯಮ್ಮ ಫೋನ್ ಮಾಡಿದರು. ‘ಏನ್ರೀ ನಿಮ್ಮ ಶೀಟು, ರಾತ್ರಿ ಹಾಸಿದ್ದು ಬೆಳಿಗ್ಗೆ ನಡುವಿಗೆ ಬಂದು ಮುದ್ದೆಯಾಗಿ ಬಿದ್ದಿರ್ತದೆ.’ ಹೋಗಿ ಅಳೆದೆ. 100 ಇದ್ದದ್ದು 95 ಆಗಿತ್ತು, 90 ಇದ್ದದ್ದು 88. ಉದ್ದಕ್ಕೆ ನೂರಕ್ಕೆ ಐದು, ಅಗಲಕ್ಕೆ ಎರಡಕ್ಕಿಂತ ತುಸು ಹೆಚ್ಚು ಕುಗ್ಗಿತ್ತು. 95ರಲ್ಲಿ 90 ಕಳೆದರೆ ಉಳಿದದ್ದು 5 ಇಂಚು, ತುದಿಗೆ ಎರಡೂವರೆ. ನಿದ್ದೆಯಲ್ಲಿ ಒಬ್ಬ ಹೊರಳಿದರೆ ಎರಡೂವರೆ ಇಂಚು ನಿಲ್ಲುತ್ತದೆಯೇ?

ಬಟ್ಟೆ ಕುಗ್ಗುವುದೇಕೆ? ಮಗ್ಗದ ಮೇಲೂ ಆಮೇಲೆ ತೊಳೆದು ಬಿಳಿ ಮಾಡುವ ಯಂತ್ರಗಳಲ್ಲೂ ಹಾಸನ್ನು ಎಳೆದು ಹಿಡಿದಿರುತ್ತಾರೆ. ಆ ಎಳೆತ ಬಟ್ಟೆಯೊಳಗೆ ಉಳಿದಿರುತ್ತದೆ. ನೀರು ಸೋಕಿದಾಗ ಹತ್ತಿಯ ನಾರು ಉಬ್ಬುತ್ತದೆ, ನೂಲು ದಪ್ಪವಾಗುತ್ತದೆ. ದಪ್ಪವಾದ ಎಳೆಯನ್ನು ಸುತ್ತಿ ಹಾಯಲು ಇನ್ನೊಂದು ಎಳೆಗೆ ಹೆಚ್ಚು ಉದ್ದ ಬೇಕು, ಆದ್ದರಿಂದ ಬಟ್ಟೆ ತನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಚ್ಚು ಎಳೆದದ್ದು ಹಾಸನ್ನು, ಹಾಗಾಗಿ ಕುಗ್ಗುವುದೂ ಹಾಸಿನ ದಿಕ್ಕಿನಲ್ಲೇ, ಅಂದರೆ ಶೀಟಿನ ಉದ್ದಕ್ಕೆ, ಹೆಚ್ಚು. ಕಾರ್ಖಾನೆಯಲ್ಲೇ ಬಟ್ಟೆಯನ್ನು ರಬ್ಬರ್ ಪಟ್ಟಿಯ ಮೇಲೆ ಒತ್ತಿ ಮೊದಲೇ ಕುಗ್ಗಿಸಿಡುವ ವಿಧಾನವೊಂದಿದೆ. ಸ್ಯಾನ್‌ಫೋರ್ಡ್ ಕ್ಲೂಯೆಟ್ ಎಂಬ ಅಮೆರಿಕದವನು ಅದನ್ನು ಕಂಡುಹಿಡಿದದ್ದರಿಂದ ಸ್ಯಾನ್‌ಫರೈಸ್ ಅನ್ನುತ್ತಾರೆ. ನಾನು ಕೊಂಡ ಥಾನಿಗೆ ಅದು ಆಗಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಆಮೇಲೆ ಪಾಠ ಕಲಿತೆ. ಈಗ ಹೊಸ ಥಾನು ಬಂದರೆ 60 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸುತ್ತೇನೆ. ಅಂಚಿನಿಂದ ಸ್ವಲ್ಪ ಒಳಗೆ, ಒಂದಕ್ಕೊಂದು 50 ಸೆಂಟಿಮೀಟರ್ ದೂರವಿರುವಂತೆ, ಒಗೆದರೂ ಹೋಗದ ಪೆನ್ನಿನಿಂದ ಗುರುತು ಮಾಡುತ್ತೇನೆ, ಉದ್ದಕ್ಕೆ ಮೂರು ಜೋಡಿ, ಅಗಲಕ್ಕೆ ಮೂರು ಜೋಡಿ. ಒಂದು ಬಾಣ ಬರೆದು ಹಾಸಿನ ದಿಕ್ಕು ತೋರಿಸುತ್ತೇನೆ, ಇಲ್ಲದಿದ್ದರೆ ಒಗೆದ ಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಅಂಚಿಗೆ ಹೊಲಿಗೆ ಹಾಕಬೇಕು, ಎಳೆ ಬಿಚ್ಚದಂತೆ. ಗಿರಾಕಿ ಹೇಗೆ ಒಗೆಯುತ್ತಾರೋ ಹಾಗೆಯೇ ಒಗೆಯುತ್ತೇನೆ. ಬಚ್ಚಲ ಹಂಡೆಯ ಬಿಸಿನೀರಲ್ಲಿ ನೆನೆಸುವವರಿಗೆ ಬಿಸಿನೀರಲ್ಲಿ, ಮೆಷಿನ್ನಿನವರಿಗೆ ಮೆಷಿನ್ನಿನಲ್ಲಿ. ಒಣಗಿಸುವಾಗ ಹಗ್ಗಕ್ಕೆ ತೂಗುಹಾಕಬೇಡಿ, ನೀರಿನ ಭಾರಕ್ಕೆ ಅದೇ ಉದ್ದವಾಗಿ ಸುಳ್ಳು ಅಳತೆ ಕೊಡುತ್ತದೆ. ಮಟ್ಟಸವಾಗಿ ಹರಡಿ ಒಣಗಿಸಿ. ಇಸ್ತ್ರಿ ಎಳೆದಾಡಬೇಡಿ, ಮೇಲಿಂದ ಒತ್ತಿ ಎತ್ತಿ. 50 ಇದ್ದದ್ದು 47.5 ಆದರೆ ನೂರಕ್ಕೆ ಐದು. ಮೂರು ಒಗೆತ ಮಾಡಿ ನೋಡುವುದು ಒಳ್ಳೆಯದು. ಹೆಚ್ಚಿನ ಪಾಲು ಮೊದಲ ಒಗೆತದಲ್ಲೇ ಕುಗ್ಗುತ್ತದೆ, ಉಳಿದದ್ದು ಮುಂದಿನ ಒಗೆತಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ.

ಆಗುಂಬೆಯವರಿಗೆ ಶೀಟು ಬದಲಿಸಿಕೊಟ್ಟೆ, ಲಾಭ ಎಲ್ಲ ಅಲ್ಲಿಗೇ ಹೋಯಿತು. ಈ ಸಲ 108 ಇಂಚಿನದು. ಅದೂ ನೂರಕ್ಕೆ ಐದು ಕುಗ್ಗಿದರೆ ಉಳಿಯುವುದು 102.6. ಅದರಲ್ಲಿ 90 ಕಳೆದರೆ ತುದಿಗೆ ಆರು ಇಂಚಿನ ಮೇಲೆ ಸಿಗುತ್ತದೆ, ಹೊರಳಾಡಿದರೂ ಜಾರುವುದಿಲ್ಲ. ಹಾಗಾಗಿ ನೀವು ಬರೆಯುವಾಗ ‘ಕಿಂಗ್ ಸೈಜ್’ ಅಂತ ಮಾತ್ರ ಬರೆದು ಬಿಡಬೇಡಿ. ಹೊಸದಾಗಿ ಎಷ್ಟು, ಮೂರು ಒಗೆತದ ನಂತರ ಎಷ್ಟು, ಎಷ್ಟು ದಪ್ಪದ ಹಾಸಿಗೆಗೆ ಸಾಕಾಗುತ್ತದೆ, ಇಷ್ಟನ್ನೂ ಹಾಕಿ. ಹತ್ತು ಇಂಚಿನ ದಪ್ಪ ಹಾಸಿಗೆ ಇಟ್ಟವರಿಗೆ ಅದೇ ಶೀಟಿನಲ್ಲಿ ಎಷ್ಟು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ: 78ಕ್ಕೆ 20 ಸೇರಿಸಿದರೆ 98, 102.6ರಲ್ಲಿ ಕಳೆದರೆ ತುದಿಗೆ ಎರಡೂ ಚಿಲ್ಲರೆ ಇಂಚು. ಮತ್ತೆ ಅದೇ ಫೋನ್ ಬರುತ್ತದೆ.

ಟವೆಲ್ಲಿಗೆ ಬರೋಣ. ಟವೆಲ್ಲಿಗೆ ಟಿಸಿ ಬರೆಯುವವರಿದ್ದಾರೆ, ನಗು ಬರುತ್ತದೆ. ಟರ್ಕಿ ಟವೆಲ್ಲಿನಲ್ಲಿ ಮೂರು ಬಗೆಯ ನೂಲಿರುತ್ತದೆ: ತಳದ ಹಾಸು, ಕುಣಿಕೆ ಮಾಡುವ ಹಾಸು, ಮತ್ತು ಹೊಕ್ಕು. ನೀರು ಹೀರುವುದು ಕುಣಿಕೆ. ಇಂಚಿಗೆ ಎಷ್ಟು ಎಳೆ ಅನ್ನುವುದರಿಂದ ಕುಣಿಕೆ ಎಷ್ಟು ಎತ್ತರ ಇದೆ ಅಂತ ಏನೂ ತಿಳಿಯುವುದಿಲ್ಲ. ಇಲ್ಲಿ ಮಾತನಾಡುವುದು ತೂಕ. ಈ ಟವೆಲ್ 75 ಸೆಂಟಿಮೀಟರ್ ಅಗಲ, 150 ಉದ್ದ, ಅಂದರೆ 1.125 ಚದರ ಮೀಟರ್. 450 ಗ್ರಾಂ ತೂಗಿದರೆ 400 ಜಿಎಸ್‌ಎಂ. ಸಾಮಾನ್ಯವಾಗಿ 300ರಿಂದ 400 ತೆಳ್ಳನೆಯದು, 400ರಿಂದ 600 ಮಧ್ಯಮ, ಅದರ ಮೇಲಿನದು ದೊಡ್ಡ ಹೋಟೆಲುಗಳ ದಪ್ಪ ಟವೆಲ್.

ಬೆಂಗಳೂರಿನ ಮಾರಾಟಗಾರರು ಬರೆದದ್ದನ್ನೇ ನಕಲು ಮಾಡಿ ನಮ್ಮ ಕಡೆಯವರು ‘ಲಕ್ಷುರಿ 700 ಜಿಎಸ್‌ಎಂ’ ತರಿಸುತ್ತಾರೆ. ಆಗುಂಬೆ, ಹೊಸನಗರದ ಜುಲೈ ತಿಂಗಳಲ್ಲಿ ಅದನ್ನು ಎಲ್ಲಿ ಒಣಗಿಸುತ್ತೀರಿ? 700ರ ಟವೆಲ್ ಇದೇ ಅಳತೆಯಲ್ಲಿ ಒಣಗಿದ್ದಾಗಲೇ ಮುಕ್ಕಾಲು ಕಿಲೋ ಮೀರುತ್ತದೆ. ಅಟ್ಟದಲ್ಲಿ ಮೂರು ದಿನ ನೇತು ಹಾಕಿದರೂ ನಡುವಿನ ಕುಣಿಕೆ ತಣ್ಣಗೇ ಇರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಬಚ್ಚಲ ಒಲೆಯ ಮೇಲೆ ಗಳಕ್ಕೆ ಹಾಕಿದರೆ ಹೊಗೆ ವಾಸನೆ. ನೆಂಟರಾದರೆ ಸಹಿಸುತ್ತಾರೆ, ದುಡ್ಡು ಕೊಟ್ಟು ಬಂದವರು ಸಹಿಸುವುದಿಲ್ಲ. ಮಲೆನಾಡಿನ ಹೋಂಸ್ಟೇಗೆ 350ರಿಂದ 450ರ ಟವೆಲ್ ಸಾಕು. ಮನೆಯವರ ಸ್ನಾನಕ್ಕಂತೂ ಹಳೆಯ ಪಾಣಿಪಂಚೆಯೇ ಬೇಗ ಒಣಗುವುದು, ಅದರ ವಿಷಯ ಬೇರೆ.

ತೂಕದಲ್ಲಿ ಮಳೆಗಾಲದ್ದೇ ಒಂದು ತೊಡಕಿದೆ. ಹತ್ತಿ ಗಾಳಿಯ ತೇವವನ್ನು ಹೀರುತ್ತದೆ. ಲ್ಯಾಬಿನಲ್ಲಿ ಬಟ್ಟೆಯನ್ನು ಶೇಕಡಾ 65ರ ತೇವಾಂಶದ ಕೋಣೆಯಲ್ಲಿ ಇಟ್ಟು ಆಮೇಲೆ ತೂಗುವುದು ಅದಕ್ಕೇ. ಮಳೆ ಹಿಡಿದ ದಿನ, ಗಾಳಿಯ ತೇವಾಂಶ ಶೇಕಡಾ 90 ದಾಟಿದಾಗ, ಮುಟ್ಟಿದರೆ ಒಣಗಿದಂತೆಯೇ ಇರುವ ಅದೇ ಟವೆಲ್ ನೂರಕ್ಕೆ ಐದರಷ್ಟು ಹೆಚ್ಚು ತೂಗುತ್ತದೆ. 400 ಅನ್ನುವುದು 420 ಆಗಿ ಕಾಣುತ್ತದೆ. ನೀವು ಜುಲೈನಲ್ಲಿ ತೂಗಿ 420 ಬರೆದು, ಗಿರಾಕಿ ಫೆಬ್ರವರಿಯಲ್ಲಿ ಬಳ್ಳಾರಿಯಲ್ಲಿ ತೂಗಿದರೆ ನೀವು ಸುಳ್ಳುಗಾರರಾಗುತ್ತೀರಿ. ಬೇಸಿಗೆಯಲ್ಲಿ ತೂಗಿ, ಆಗದಿದ್ದರೆ ‘ಸುಮಾರು 400, ಶೇಕಡಾ ಐದು ಹೆಚ್ಚು ಕಡಿಮೆ’ ಅಂತ ಗೊಂದಲ ಮಾಡದೆ ‘380ರಿಂದ 420’ ಅಂತ ಬರೆಯಿರಿ. ಅಂಚಿನ ಪಟ್ಟಿಯಲ್ಲಿ ಕುಣಿಕೆ ಇರುವುದಿಲ್ಲ. ಹಾಗಾಗಿ ಇಡೀ ಟವೆಲ್ ತೂಗಿ ಬಂದ ಅಂಕಿ, ನಡುವಿನ ತುಂಡು ತೂಗಿ ಬಂದ ಅಂಕಿಗಿಂತ ಕಡಿಮೆ ಇರುತ್ತದೆ. ಯಾವ ರೀತಿ ತೂಗಿದ್ದೀರಿ ಅಂತ ಒಂದು ಮಾತು ಸೇರಿಸಿದರೆ ಜಗಳವಿಲ್ಲ.

ಒಬ್ಬ ತಂಗಿ ಕೇಳಿದಳು: ‘ಹೊಸ ಟವೆಲ್ ನೀರೇ ಹೀರುವುದಿಲ್ಲವಲ್ಲ, ಮೈಮೇಲೆ ಜಾರುತ್ತದೆ?’ ಒಳ್ಳೆಯ ಪ್ರಶ್ನೆ. ಅಂಗಡಿಯಲ್ಲಿ ಮೆತ್ತಗಿರಲಿ ಅಂತ ಮೆತುಕಾರಕ ರಾಸಾಯನಿಕ ಹಚ್ಚಿರುತ್ತಾರೆ, ಅದು ನೀರನ್ನು ದೂರ ಇಡುತ್ತದೆ. ಒಂದು ಹನಿ ನೀರು ಕುಣಿಕೆಯ ಮೇಲೆ ಬಿಡಿ. ತಕ್ಷಣ ಇಳಿದರೆ ಸರಿ. ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ಉರುಳುತ್ತಾ ಕೂತರೆ ಎರಡು ಮೂರು ಸಲ ಬಿಸಿನೀರಲ್ಲಿ ಒಗೆದೇ ಬಳಸಬೇಕು, ಆ ಮಾತನ್ನೂ ಗಿರಾಕಿಗೆ ಬರೆಯಬೇಕು. ಒಗೆಯುವಾಗ ಮತ್ತೆ ಕಂಫರ್ಟಿನಂಥ ಮೆತುಕಾರಕ ಹಾಕಿದರೆ ಕಥೆ ಮತ್ತೆ ಮೊದಲಿಗೇ ಬರುತ್ತದೆ.

ಕೊನೆಗೆ ಬಣ್ಣ. ‘ಬಣ್ಣಕ್ಕೆ ಗ್ಯಾರಂಟಿ’ ಅನ್ನುವ ಮಾತನ್ನು ಯಾರೂ ಬರೆಯಬಾರದು ಅಂತ ನನ್ನ ಅಭಿಪ್ರಾಯ, ಏಕೆಂದರೆ ಬಣ್ಣ ಹೋಗುವ ದಾರಿಗಳು ಬೇರೆ ಬೇರೆ. ಒಗೆದಾಗ ಹೋಗುವುದು ಒಂದು, ಉಜ್ಜಿದಾಗ ಹತ್ತುವುದು ಇನ್ನೊಂದು, ಬಿಸಿಲಿಗೆ ಮಾಸುವುದು ಮತ್ತೊಂದು, ಬ್ಲೀಚಿಂಗ್ ಪೌಡರಿಗೆ ಸಾಯುವುದು ಮಗದೊಂದು. ಒಂದರಲ್ಲಿ ಗಟ್ಟಿಯಾದ ಬಣ್ಣ ಇನ್ನೊಂದರಲ್ಲಿ ಬಡವಾಗಬಹುದು. ಲ್ಯಾಬಿನವರು ಒಗೆತಕ್ಕೆ, ಉಜ್ಜಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, 5 ಅಂದರೆ ಏನೂ ಬದಲಾಗಿಲ್ಲ. ಬಿಸಿಲಿಗೆ ಮಾತ್ರ 1ರಿಂದ 8. ಮಾರಾಟಗಾರ ವರದಿ ತೋರಿಸಿ ‘4 ಬಂದಿದೆ’ ಅಂದರೆ, ಯಾವುದರಲ್ಲಿ 4 ಅಂತ ಕೇಳಿ. ಬಿಸಿಲಿನ 4, ಉಜ್ಜಿನ 4ರಷ್ಟು ಒಳ್ಳೆಯದಲ್ಲ. ಉಜ್ಜಿನಲ್ಲಿ ಒಣ ಮತ್ತು ಒದ್ದೆ ಅಂತ ಎರಡಿರುತ್ತದೆ. ಮರೂನ್, ಕಡುನೀಲಿ, ಕಪ್ಪು ಬಣ್ಣಗಳಲ್ಲಿ ಒಣ ಉಜ್ಜು 4 ಇದ್ದರೂ ಒದ್ದೆ ಉಜ್ಜು 2ಕ್ಕೆ, ಎರಡೂವರೆಗೆ ಇಳಿಯುವುದು ಸಾಮಾನ್ಯ. ಗಿರಾಕಿಯ ಮೈಬೆವರಿಗೆ, ಬಿಳಿ ನೈಟಿಗೆ ಹತ್ತುವುದು ಈ ಒದ್ದೆ ಉಜ್ಜು.

ಮನೆಯಲ್ಲಿ ನೋಡುವುದು ಹೀಗೆ. ಒಂದು ತುಂಡು ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಬೆರಳಿಗೆ ಸುತ್ತಿಕೊಳ್ಳಿ. ಶೀಟಿನ ಮೇಲೆ ಹತ್ತು ಸಲ ಹಿಂದೆ ಮುಂದೆ ಉಜ್ಜಿ. ಎಷ್ಟು ಬಲ ಅಂದರೆ, ತಕ್ಕಡಿಯ ಮೇಲೆ ಬೆರಳು ಒತ್ತಿ ನೋಡಿ, 900 ಗ್ರಾಂ ತೋರಿಸುವಷ್ಟು. ಲ್ಯಾಬಿನ ಯಂತ್ರವೂ ಹತ್ತಿರ ಹತ್ತಿರ ಅಷ್ಟೇ ಒತ್ತುತ್ತದೆ. ಒಗೆತಕ್ಕೆ, ಬಣ್ಣದ ತುಂಡಿಗೆ ಬಿಳಿ ತುಂಡು ಹೊಲಿದು ಜೊತೆಯಲ್ಲೇ ಒಗೆಯಿರಿ. ನೀರಿಗೆ ಬಣ್ಣ ಬಂತು ಅಂತ ತಕ್ಷಣ ಗಾಬರಿಯಾಗಬೇಡಿ. ಇಂದಿನ ಹತ್ತಿ ಬಟ್ಟೆಗೆ ಹೆಚ್ಚಾಗಿ ಹಾಕುವ ರಿಯಾಕ್ಟಿವ್ ಬಣ್ಣ ನಾರಿಗೆ ಗಟ್ಟಿಯಾಗಿ ಅಂಟುತ್ತದೆ, ಆದರೆ ಅಂಟದೆ ಉಳಿದ ಅಷ್ಟಿಷ್ಟನ್ನು ಕಾರ್ಖಾನೆಯಲ್ಲೇ ಸೋಪುನೀರಲ್ಲಿ ಕುದಿಸಿ ತೆಗೆಯಬೇಕು. ನೀರು, ಸೌದೆ ಉಳಿಸಲು ಅದನ್ನು ಅರ್ಧ ಮಾಡಿದರೆ ಮೊದಲ ಎರಡು ಒಗೆತದಲ್ಲಿ ಬಿಡುತ್ತದೆ, ಮೂರನೆಯದರಲ್ಲಿ ನೀರು ತಿಳಿಯಾಗುತ್ತದೆ. ಅಗ್ಗದ ಡೈರೆಕ್ಟ್ ಬಣ್ಣವಾದರೆ ಐದನೆಯ ಒಗೆತದಲ್ಲೂ ಬಿಡುತ್ತಲೇ ಇರುತ್ತದೆ. ಆದ್ದರಿಂದ ನಾನು ಮೂರನೆಯ ಬಕೆಟ್ಟಿನ ನೀರನ್ನು ಬಿಳಿ ಲೋಟದಲ್ಲಿ ಹಿಡಿದು ನೋಡಿಯೇ ತೀರ್ಮಾನ ಮಾಡುತ್ತೇನೆ. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ಕಾರ್ಖಾನೆಯಲ್ಲಿ ಅಂಟದ ಬಣ್ಣ ನಿಮ್ಮ ಬಕೆಟ್ಟಿನ ಉಪ್ಪಿಗೆ ಅಂಟುವುದಿಲ್ಲ.

ನಮ್ಮ ಜಿಲ್ಲೆಯದೇ ಒಂದು ಬಣ್ಣ ಇದೆಯಲ್ಲ, ಅಡಿಕೆ ಚೊಗರು. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿ ಚರಕ ಸಹಕಾರ ಸಂಘದ ಹೆಂಗಸರು ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುವುದು ನಿಮಗೆಲ್ಲ ಗೊತ್ತು. ಚೊಗರಿನಂಥ ಒಗರು ಬಣ್ಣ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಅಡಿಕೆ ಸುಲಿದ ಕತ್ತಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಇಂಥ ಬಟ್ಟೆ ಮಾರುವಾಗ ತುಕ್ಕು ಹಿಡಿದ ಬಕೆಟ್, ಕಬ್ಬಿಣದಂಶದ ಬೋರ್‌ವೆಲ್ ನೀರು ಬೇಡ ಅಂತ ಒಂದು ಸಾಲು ಬರೆಯಲೇಬೇಕು. ಅದನ್ನು ದೋಷ ಅಂತಲ್ಲ, ಆ ಬಣ್ಣದ ಸ್ವಭಾವ ಅಂತ ಬರೆಯಿರಿ.

ಹೋಂಸ್ಟೇಯವರಿಗೆ ಇನ್ನೊಂದು. ಬಣ್ಣದ ಟವೆಲ್ಲಿನ ಮೇಲೆ ಅಲ್ಲಲ್ಲಿ ಕಿತ್ತಳೆ, ಬಿಳಿಚು ಕಲೆ ಬಿದ್ದು ಅದು ಒಗೆದರೂ ಹೋಗದಿದ್ದರೆ ಬಣ್ಣದವನನ್ನು ಬೈಯುವ ಮೊದಲು ಅತಿಥಿಗಳ ವಯಸ್ಸು ನೆನಪಿಸಿಕೊಳ್ಳಿ. ಮೊಡವೆಗೆ ಹಚ್ಚುವ ಕೆಲವು ಕ್ರೀಮುಗಳಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಇರುತ್ತದೆ, ಅದು ಬ್ಲೀಚು. ಕಾಲೇಜು ಹುಡುಗರ ಗುಂಪು ಬಂದು ಹೋದ ಮರುದಿನ ನೋಡಿ. ಮುಖದ ಟವೆಲ್ ಬಿಳಿಯದೇ ಇಡುವುದು ಒಳ್ಳೆಯದು.

‘ಇಷ್ಟೆಲ್ಲಾ ಬರೆದರೆ ಯಾರು ಓದುತ್ತಾರೆ?’ ಅಂತ ಒಬ್ಬರು ಕೇಳಿದರು. ಬರೆದು ತಂದಿದ್ದೇನೆ, ಓದುತ್ತೇನೆ, ನೀವೇ ಹೇಳಿ. ಇದು 1000 ಟಿಸಿಯ ಪ್ಯಾಕೆಟ್ಟಿನ ಶೀಟಿಗೆ ನಾನು ಬರೆಯುವ ವಿವರ:

‘ಬಿಳಿ ಬೆಡ್‌ಶೀಟ್, ಪೂರ್ತಿ ಹತ್ತಿ, ಸಾದಾ ನೇಯ್ಗೆ. ಇಂಚಿಗೆ ಹಾಸು 112, ಹೊಕ್ಕು 92, ಒಟ್ಟು 204, ಒಂದೇ ಹುರಿಯ ನೂಲು. ತೂಕ ಸುಮಾರು 120 ಜಿಎಸ್‌ಎಂ. ಹೊಸದಾಗಿ 90 x 108 ಇಂಚು, ಮೂರು ಒಗೆತದ ನಂತರ ಸುಮಾರು 88 x 103. 72 x 78 ಅಳತೆಯ, 6 ಇಂಚು ದಪ್ಪದ ಹಾಸಿಗೆಗೆ ಸಾಕು, 10 ಇಂಚಿನದಕ್ಕೆ ಬೇಡ. ಗಂಜಿ ಇಲ್ಲ. ಮುಟ್ಟಿದರೆ ಗರಿಗರಿ, ರೇಷ್ಮೆಯ ನುಣುಪು ಇಲ್ಲ.’

ಇದು ಟವೆಲ್ಲಿಗೆ: ‘ಮರೂನ್ ಟರ್ಕಿ ಟವೆಲ್, 75 x 150 ಸೆಂ.ಮೀ., ಇಡೀ ಟವೆಲ್ ತೂಗಿದಾಗ 400 ಜಿಎಸ್‌ಎಂ. ಮೊದಲ ಎರಡು ಒಗೆತ ಬೇರೆಯಾಗಿ ಮಾಡಿ, ಬಣ್ಣ ಬಿಡುತ್ತದೆ, ಮೂರನೆಯದಕ್ಕೆ ನಿಲ್ಲುತ್ತದೆ. ಒದ್ದೆಯಿದ್ದಾಗ ಬಿಳಿ ಬಟ್ಟೆಯ ಮೇಲೆ ಇಡಬೇಡಿ. ಬ್ಲೀಚಿಂಗ್ ಪೌಡರ್ ಬೇಡ. ಕುಣಿಕೆ ಎದ್ದರೆ ಎಳೆಯದೆ ಕತ್ತರಿಯಿಂದ ಕತ್ತರಿಸಿ.’

ಓದಲು ಅರ್ಧ ನಿಮಿಷ ಹಿಡಿಯಿತು. ಆಗುಂಬೆಯ ಆ ಅಮ್ಮ ಈಗಲೂ ನನ್ನಲ್ಲೇ ಶೀಟು ತರಿಸುತ್ತಾರೆ. ಕಳೆದ ಸಲ ಪಾರ್ಸಲ್ ಮುಟ್ಟಿದ ದಿನ ಫೋನ್ ಮಾಡಿ, ‘ನೀವು 112 ಬರೆದಿದ್ದೀರಿ, ನಾನು ಎಣಿಸಿದರೆ 110 ಬಂತು’ ಅಂದರು. ಎಲ್ಲಿ ಎಣಿಸಿದಿರಿ, ಎಷ್ಟು ಕಡೆ ಎಣಿಸಿದಿರಿ ಅಂತ ಕೇಳಿದೆ. ಒಂದೇ ಕಡೆಯಂತೆ. ಇನ್ನು ನಾಲ್ಕು ಕಡೆ ಎಣಿಸಿ ಹೇಳಿ ಅಂದಿದ್ದೇನೆ.